ಲಾಗಿನಲ್ಲಿ ಇಲ್ಲದ ದೇವದುರ್ಗ

ಸುಭಾಷ್ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಕೊನೆಗೆ ಹೇಳಿದರೆ ಯಾರೂ ನಂಬುವುದಿಲ್ಲ. ಓಣಿಯಲ್ಲಿ ಯಾರ ಮನೆಯ ಟಿವಿ ಕೆಟ್ಟರೂ ರಿಪೇರಿ ಮಾಡಿಕೊಡುವವನು, ಬಸ್ಸಿನಲ್ಲಿ ಮುದುಕರಿಗೆ ಸೀಟು ಬಿಡುವವನು. ತನ್ನ ಹುಟ್ಟೂರು ದೇವದುರ್ಗದ ಗದ್ದೆಮ್ಮನ ಮಗಳು ದುರ್ಗಾದೇವಿಗೆ ಕೆಲಸ ಕೊಡಿಸಿದವನೂ ಅವನೇ. ಆ ಕೆಲಸ ಕಳೆದವನೂ ಅವನೇ ಎಂಬುದು ಈ ಕಥೆ.

ರಾಯಚೂರಿನಲ್ಲಿ ಒಂದು ರಕ್ತಪರೀಕ್ಷೆಯ ಲ್ಯಾಬು. ಮಾನ್ವಿಯಲ್ಲಿ ಒಂದು, ದೇವದುರ್ಗದಲ್ಲಿ ಒಂದು ಸಣ್ಣ ಸೆಂಟರು. ಸೆಂಟರಿನಲ್ಲಿ ರಕ್ತ ತೆಗೆದು, ಸೀಸೆಗೆ ಚೀಟಿ ಅಂಟಿಸಿ, ಥರ್ಮಾಕೋಲ್ ಡಬ್ಬಿಯಲ್ಲಿಟ್ಟು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಾರೆ. ರಾಯಚೂರಿನಲ್ಲಿ ಪರೀಕ್ಷೆ ಆಗುತ್ತದೆ. ರಿಪೋರ್ಟು ಹೈದರಾಬಾದಿನ ಒಂದು ಕಂಪನಿ ನಡೆಸುವ ವೆಬ್‌ಸೈಟಿಗೆ ಏರುತ್ತದೆ. ಸೆಂಟರಿನವರು ಅಲ್ಲಿಂದ ತೆರೆದು, ಪ್ರಿಂಟ್ ತೆಗೆದು ರೋಗಿಗೆ ಕೊಡಬೇಕು. ಗಾಬರಿಪಡುವಂಥ ರಿಪೋರ್ಟಾದರೆ ಲ್ಯಾಬಿನವರು ಅದಕ್ಕೆ ಕೆಂಪು ಗುರುತು ಹಾಕುತ್ತಾರೆ. ಕೆಂಪು ಕಂಡ ಕೂಡಲೇ ಸೆಂಟರಿನವರು ಮನೆಯವರಿಗೆ ಫೋನ್ ಮಾಡಬೇಕು. ಗುರುತು ಹಾಕಿದ ಮೇಲೆ ರಾಯಚೂರಿನವರ ಜವಾಬ್ದಾರಿ ಮುಗಿಯಿತು ಎಂಬುದು ಮ್ಯಾನೇಜರ್ ಕೊಟ್ರೇಶ ಮಾಡಿದ ನಿಯಮ. ಜವಾಬ್ದಾರಿ ಯಾವಾಗಲೂ ಇನ್ನೊಬ್ಬರ ಊರಿನಲ್ಲಿ ಇರುವ ಹಾಗೆ ನಿಯಮ ಮಾಡುವುದರಲ್ಲಿ ಕೊಟ್ರೇಶನನ್ನು ಮೀರಿಸುವವರಿಲ್ಲ.

ಆ ವೆಬ್‌ಸೈಟಿಗೆ ಒಂದು ಹಟವಿತ್ತು. ರೋಗಿಗಳ ಗುಟ್ಟು ಇರುವ ಜಾಗವಾದ್ದರಿಂದ, ನೋಂದಾಯಿಸಿದ ಒಂದೇ ಒಂದು ಇಂಟರ್ನೆಟ್ ನಂಬರಿನಿಂದ ಬಂದವರಿಗೆ ಮಾತ್ರ ಅದು ಬಾಗಿಲು ತೆರೆಯುತ್ತಿತ್ತು. ಆ ನಂಬರು ರಾಯಚೂರಿನ ಲ್ಯಾಬಿನದು. ದೇವದುರ್ಗದ ಬ್ರಾಡ್‌ಬ್ಯಾಂಡಿನಿಂದ ನೇರವಾಗಿ ಹೋದರೆ 'ನಿಮಗೆ ಪ್ರವೇಶವಿಲ್ಲ' ಎಂದು ಹೊರಗೇ ನಿಲ್ಲಿಸುತ್ತಿತ್ತು. ಅದಕ್ಕೆ ಲ್ಯಾಬಿನ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಸುಭಾಷ್ ರಾಯಚೂರಿನಲ್ಲಿ ಒಂದು ಪ್ರಾಕ್ಸಿ, ಎಂದರೆ ನಡುವೆ ನಿಂತು ದಾಟಿಸುವ ಕಂಪ್ಯೂಟರು, ಇಟ್ಟಿದ್ದ. ಸೆಂಟರಿನ ಕಂಪ್ಯೂಟರುಗಳು ಅದರ ಮೂಲಕ ಹೋದರೆ, ವೆಬ್‌ಸೈಟಿಗೆ ಅವು ರಾಯಚೂರಿನಿಂದಲೇ ಬಂದಂತೆ ಕಾಣುತ್ತಿದ್ದವು.

ಮೊದಮೊದಲು ಎಲ್ಲವನ್ನೂ ಆ ಪ್ರಾಕ್ಸಿಯ ಮೇಲೆಯೇ ಹಾಯಿಸುತ್ತಿದ್ದ. ಇ-ಮೇಲು, ಯೂಟ್ಯೂಬು, ಆಧಾರ್ ಸೈಟು, ಎಲ್ಲವೂ ರಾಯಚೂರಿನ ಸಣ್ಣ ಲೈನಿನಲ್ಲಿ ನುಗ್ಗಿ, ಲ್ಯಾಬಿನವರೇ ರಿಪೋರ್ಟು ಏರಿಸಲಾಗದೆ ಕೂಗಾಡಿದರು. ಆಗ ಸುಭಾಷ್ ಒಂದು ಪ್ಯಾಕ್ ಫೈಲು ಬರೆದ. ಹತ್ತು ಹನ್ನೆರಡು ಸಾಲಿನ ಸಣ್ಣ ಫೈಲು. ಬ್ರೌಸರು ಯಾವ ವಿಳಾಸ ತೆರೆಯುವ ಮುಂಚೆಯೂ ಈ ಫೈಲನ್ನು ಒಂದು ಮಾತು ಕೇಳುತ್ತದೆ. ರಿಪೋರ್ಟಿನ ಸೈಟಾದರೆ 'ಪ್ರಾಕ್ಸಿಯ ಮೇಲೆ ಹೋಗು' ಎನ್ನುತ್ತದೆ ಫೈಲು. ಬೇರೆ ಯಾವುದೇ ಆದರೆ 'ನೇರ ಹೋಗು' ಎನ್ನುತ್ತದೆ. ಬಸ್‌ಸ್ಟ್ಯಾಂಡಿನ ಕಂಟ್ರೋಲರು ಈ ಬಸ್ಸು ಗಬ್ಬೂರಿನ ಮೇಲೆ, ಆ ಬಸ್ಸು ಬೇರೆ ದಾರಿ ಎಂದು ಹೇಳುವ ಹಾಗೆ. ಫೈಲು ರಾಯಚೂರಿನಲ್ಲಿರುತ್ತದೆ, ಸೆಂಟರಿನ ಬ್ರೌಸರು ಶುರುವಾದಾಗ ಅದನ್ನು ತರಿಸಿಕೊಳ್ಳುತ್ತದೆ. ಹಾಗಾಗಿ ಒಂದು ಕಡೆ ತಿದ್ದಿದರೆ ಸಾಕು, ಊರೂರು ಅಲೆಯಬೇಕಿಲ್ಲ. ಒಳ್ಳೆಯ ಕೆಲಸವೇ. ಸುಭಾಷ್ ಅದರ ಬಗ್ಗೆ ತುಸು ಹೆಮ್ಮೆಯನ್ನೂ ಪಟ್ಟಿದ್ದ.

ಒಂದು ಶನಿವಾರ ಹೈದರಾಬಾದಿನ ಕಂಪನಿಯಿಂದ ಇ-ಮೇಲು ಬಂತು. ಮಂಗಳವಾರ ಬೆಳಗ್ಗೆಯಿಂದ ರಿಪೋರ್ಟಿನ ಸೈಟು ಹೊಸ ವಿಳಾಸಕ್ಕೆ ಹೋಗುತ್ತದೆ, ಹಳೆಯದು ಮುಚ್ಚುತ್ತದೆ. ಸೋಮವಾರ ಸಂಜೆ ಮನೆಗೆ ಹೊರಡುವ ಅವಸರದಲ್ಲಿ ಸುಭಾಷ್ ಪ್ಯಾಕ್ ಫೈಲು ತೆರೆದು ಹೊಸ ಸಾಲೊಂದನ್ನು ಸೇರಿಸಿದ. ಆ ಸಾಲು ಹೋಲಿಸಿ ನೋಡುವುದು ಸೈಟಿನ ಬರೀ ಹೆಸರನ್ನು. ಸುಭಾಷ್ ಇ-ಮೇಲಿನಲ್ಲಿದ್ದ ಲಿಂಕನ್ನು ಹಾಗೇ ಎತ್ತಿ ಅಂಟಿಸಿದ. ಮುಂದಿನ ಹೆಚ್‌ಟಿಟಿಪಿಎಸ್ಸು, ಕೊನೆಯ ಗೀಟು, ಎಲ್ಲ ಸಮೇತ. ಬ್ರೌಸರು ಆ ಜಾಗದಲ್ಲಿ ಕೊಡುವುದು ಹೆಸರು ಮಾತ್ರ, ಅದರ ಹಿಂದೆಮುಂದೆ ಏನೂ ಇರುವುದಿಲ್ಲ. ಆದ್ದರಿಂದ ಆ ಸಾಲು ಯಾವ ಜನ್ಮಕ್ಕೂ ಹೊಂದುವುದಿಲ್ಲ. ಹೊಂದದಿದ್ದರೆ ಫೈಲು ಕೊನೆಯ ಸಾಲಿಗೆ ಇಳಿದು 'ನೇರ ಹೋಗು' ಎನ್ನುತ್ತದೆ. ತಪ್ಪಾಯಿತು ಎಂದು ಬ್ರೌಸರು ಬೈಯುವುದಿಲ್ಲ, ಫೈಲು ಅಳುವುದಿಲ್ಲ.

ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಬಂದು ತನ್ನ ಕಂಪ್ಯೂಟರಿನಲ್ಲಿ ಹೊಸ ಸೈಟು ತೆರೆದು ನೋಡಿದ. ತೆರೆಯಿತು. ತೆರೆಯದೆ ಏನು ಮಾಡೀತು? ಅವನು ಕುಳಿತಿರುವುದು ರಾಯಚೂರಿನಲ್ಲಿ. ಪ್ರಾಕ್ಸಿಯ ಮೇಲೆ ಹೋದರೂ ಅದೇ ನಂಬರು, ನೇರ ಹೋದರೂ ಅದೇ ನಂಬರು. ಬಾವಿಯ ಕಟ್ಟೆಯ ಮೇಲೆ ಕೂತು ಊರಿಗೆಲ್ಲ ನೀರು ಬರುತ್ತದೆಯಾ ಎಂದು ನೋಡಿದಂತಾಯಿತು. ವಾಟ್ಸಾಪ್ ಗುಂಪಿನಲ್ಲಿ 'ಇಂದಿನಿಂದ ಎಲ್ಲರೂ ಹೊಸ ಲಿಂಕ್ ಮಾತ್ರ ತೆರೆಯಿರಿ, ಹಳೆಯದು ಬೇಡ' ಎಂದು ಹಾಕಿ, ಕೊಟ್ರೇಶನ ಹೊಸ ಮನೆಗೆ ಕ್ಯಾಮೆರಾ ಕೂರಿಸಲು ಹೋದ. ಮ್ಯಾನೇಜರನ ಮನೆಯ ಕ್ಯಾಮೆರಾ ಲ್ಯಾಬಿನ ಕೆಲಸ ಹೇಗಾಯಿತು ಎಂದು ಕೇಳಬೇಡಿ. ಕೊಟ್ರೇಶ ಹೇಳಿದ, ಇವನು ಹೋದ.

ದೇವದುರ್ಗದ ಸೆಂಟರಿನಿಂದ ದುರ್ಗಾದೇವಿಯ ಫೋನು ಬಂದಾಗ ಹನ್ನೊಂದೂ ಇಪ್ಪತ್ತು. ಸುಭಾಷ್ ಏಣಿಯ ಮೇಲಿದ್ದ, ಬಾಯಲ್ಲಿ ಎರಡು ಸ್ಕ್ರೂ.

"ಅಣ್ಣಾ, ಹೊಸ ಲಿಂಕ್ ಓಪನ್ ಆಗವಲ್ದು. ಪ್ರವೇಶ ಇಲ್ಲಂತ ಬರಾಕತ್ತದ."

"ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡವಾ."

"ಎರಡು ಸಲ ಮಾಡೀನಣ್ಣಾ."

"ಇನ್ನೊಂದ್ ಸಲ ಮಾಡು. ಇಲ್ಲಿ ಛಲೋ ನಡದದ. ನಾ ಏಣಿ ಮ್ಯಾಲೆ ಇದೀನಿ, ಆಮ್ಯಾಲೆ ಮಾಡ್ತೀನಿ."

ಆಮೇಲೆ ಮಾಡಲಿಲ್ಲ. ಹನ್ನೆರಡಕ್ಕೊಮ್ಮೆ, ಒಂದೂವರೆಗೊಮ್ಮೆ ಫೋನು ಹೊಡೆದುಕೊಂಡಿತು. ಒಮ್ಮೆ ಕೈಯಲ್ಲಿ ಡ್ರಿಲ್ಲಿತ್ತು, ಒಮ್ಮೆ ಕೊಟ್ರೇಶನ ಹೆಂಡತಿ ತಟ್ಟೆಗೆ ರೊಟ್ಟಿ ಹಾಕುತ್ತಿದ್ದರು.

ಅದೇ ದಿನ ಹನ್ನೊಂದೂ ಹತ್ತಕ್ಕೆ ರಾಯಚೂರಿನ ಲ್ಯಾಬಿನವರು ಇಮಾಮ್ ಬೀ ಎಂಬ ಅರವತ್ತು ದಾಟಿದ ಹೆಂಗಸಿನ ರಿಪೋರ್ಟು ಏರಿಸಿದ್ದರು. ಐದು ದಿನದ ಜ್ವರ. ಒಂದೂವರೆ ಲಕ್ಷ ಇರಬೇಕಾದ ಪ್ಲೇಟ್‌ಲೆಟ್ಟು ಹತ್ತೊಂಬತ್ತು ಸಾವಿರಕ್ಕೆ ಇಳಿದಿತ್ತು. ಕೆಂಪು ಗುರುತು ಹಾಕಿ ಅವರು ಚಹಾಕ್ಕೆ ಹೋದರು. ನಿಯಮ ಹಾಗಿತ್ತು.

ನಾಲ್ಕು ಗಂಟೆಗೆ ಇಮಾಮ್ ಬೀಯ ಮಗ ಜಹೀರುದ್ದೀನ್ ದೇವದುರ್ಗದ ಸೆಂಟರಿಗೆ ಬಂದ. ಸೆಂಟರಿನ ಎದುರಿಗೇ, ರಸ್ತೆಯ ಆಚೆ ಬದಿಯಲ್ಲಿ, ಅವನ ಪಂಕ್ಚರ್ ಅಂಗಡಿ. ಅಮ್ಮನ ಮೂಗಿನಿಂದ ರಕ್ತ ಬರುತ್ತಿದೆ ಎಂದ. ದುರ್ಗಾದೇವಿ ಗಾಬರಿಯಾಗಿ ಮಾನ್ವಿಯ ಸೆಂಟರಿನ ಸುನಂದಾಗೆ ಫೋನ್ ಹಚ್ಚಿದಳು. ಸುನಂದಾ ತನ್ನ ಕಂಪ್ಯೂಟರಿನಲ್ಲಿ ಕ್ಷಣದಲ್ಲಿ ತೆರೆದು ಅಂಕಿ ಓದಿ ಹೇಳಿದಳು. ಜಹೀರುದ್ದೀನ್ ಅಮ್ಮನನ್ನು ಕಾರಿನಲ್ಲಿ ರಾಯಚೂರಿನ ಆಸ್ಪತ್ರೆಗೆ ಕರೆತಂದ. ಗುರುವಾರ ಬೆಳಗ್ಗೆ ಇಮಾಮ್ ಬೀ ತೀರಿಕೊಂಡಳು. ಐದು ತಾಸು ಮೊದಲು ಬಂದಿದ್ದರೆ ಉಳಿಯುತ್ತಿದ್ದಳೇ ಎಂದು ಮಗ ಕೇಳಿದ. ಅದನ್ನು ಯಾರೂ ಹೇಳಲಾರರು ಎಂದರು ಡಾಕ್ಟರು.

ಮಾನ್ವಿಯಲ್ಲಿ ಹೇಗೆ ತೆರೆಯಿತು ಎಂಬುದಕ್ಕೂ ಸುಭಾಷನೇ ಕಾರಣ. ಎರಡು ತಿಂಗಳ ಹಿಂದೆ ಅಲ್ಲಿಯ ಕಂಪ್ಯೂಟರನ್ನು ಹೊಸದಾಗಿ ಕೂರಿಸುವಾಗ ಪ್ಯಾಕ್ ಫೈಲು ಯಾಕೋ ಬರಲಿಲ್ಲ. ಕೊನೆಯ ಬಸ್ಸಿನ ಹೊತ್ತು ಬೇರೆ. ಪ್ರಾಕ್ಸಿಯ ನಂಬರನ್ನು ಕೈಯಾರೆ ಹಾಕಿ, ಆಮೇಲೆ ನೋಡಿದರಾಯಿತು ಎಂದು ಬಂದುಬಿಟ್ಟಿದ್ದ. ಹಾಗಾಗಿ ಮಾನ್ವಿಯ ಕಂಪ್ಯೂಟರು ಪ್ಯಾಕ್ ಫೈಲನ್ನು ಕೇಳುತ್ತಲೇ ಇರಲಿಲ್ಲ. ಸುನಂದಾ ಏನು ತೆರೆದರೂ, ಅಡುಗೆಯ ವಿಡಿಯೋ ಆದರೂ, ರಾಯಚೂರಿನ ಮೇಲೆಯೇ ಹಾಯ್ದುಹೋಗುತ್ತಿತ್ತು. ಒಂದು ಸೋಮಾರಿತನ ಮಾನ್ವಿಯನ್ನು ಉಳಿಸಿತು, ಇನ್ನೊಂದು ದೇವದುರ್ಗವನ್ನು ಮುಳುಗಿಸಿತು. ಎರಡಕ್ಕೂ ಒಬ್ಬನೇ ಧಣಿ.

ಮಂಗಳವಾರ ಸಂಜೆಯೇ ಕೊಟ್ರೇಶನಿಗೆ ಸುದ್ದಿ ಮುಟ್ಟಿತು. ಸುಭಾಷನನ್ನು ಕರೆದ.

"ಪ್ರಾಕ್ಸಿದಾಗ ಯಾರು ಯಾವಾಗ ಎಲ್ಲಿ ಹೋದ್ರು ಅಂತ ಬರಕೊಂಡಿರ್ತದ ಅಂದಿದ್ದಿ ನೋಡು, ಅದನ್ನ ತೆಗಿ."

ಬರೆದಿರುತ್ತದೆ, ನಿಜ. ಯಾವ ಕಂಪ್ಯೂಟರು, ಎಷ್ಟು ಗಂಟೆಗೆ, ಯಾವ ಸೈಟಿಗೆ. ಅಷ್ಟನ್ನು ಲಾಗ್ ಇಟ್ಟುಕೊಳ್ಳುತ್ತದೆ. ಸುಭಾಷ್ ಆ ದಿನದ ಲಾಗ್ ತೆಗೆದ. ಮಾನ್ವಿಯ ಸಾಲುಗಳು ಸಾವಿರಾರು. ದೇವದುರ್ಗದ್ದು ಒಂದೂ ಇಲ್ಲ.

ನೋಡಿದ ಕ್ಷಣಕ್ಕೇ ಅವನಿಗೆ ತಿಳಿಯಿತು. ಒಂದು ಸಾಲೂ ಇಲ್ಲವೆಂದರೆ ಆ ಹುಡುಗಿ ಕೆಲಸ ಮಾಡಲಿಲ್ಲವೆಂದಲ್ಲ, ಅವಳ ಕಂಪ್ಯೂಟರು ಈ ದಾರಿಗೆ ಬರಲೇ ಇಲ್ಲವೆಂದು. ಈ ದಾರಿಗೆ ಬಾ ಎಂದು ಹೇಳಬೇಕಾದದ್ದು ತನ್ನ ಫೈಲು. ಎದ್ದು ಹೋಗಿ ಫೈಲು ತೆರೆದ. ತಾನು ಅಂಟಿಸಿದ ಸಾಲು ಹಲ್ಲು ಕಿರಿದುಕೊಂಡು ಕೂತಿತ್ತು. ಮುಂದಿನ ಹೆಚ್‌ಟಿಟಿಪಿಎಸ್ಸು ಅಳಿಸಿದ, ಕೊನೆಯ ಗೀಟು ಅಳಿಸಿದ, ಬರೀ ಹೆಸರು ಉಳಿಸಿದ, ಸೇವ್ ಮಾಡಿದ. ಅರ್ಧ ನಿಮಿಷದ ಕೆಲಸ. ದೇವದುರ್ಗಕ್ಕೆ ಫೋನ್ ಮಾಡಿ "ಬ್ರೌಸರ್ ಬಂದ್ ಮಾಡಿ ಮತ್ತ ತೆಗಿ" ಎಂದ. "ಬಂತಣ್ಣಾ" ಎಂದಳು ದುರ್ಗಾದೇವಿ. ಅವಳ ದನಿಯಲ್ಲಿ ಸಂತೋಷವಿರಲಿಲ್ಲ.

ಹೇಳಿಬಿಡಬೇಕೆಂದು ಕೊಟ್ರೇಶನ ಕೋಣೆಗೆ ಬಂದ. ಬಂದದ್ದು ಹೇಳಲಿಕ್ಕೇ, ಅದರಲ್ಲಿ ಸುಳ್ಳಿಲ್ಲ. ಕೊಟ್ರೇಶ ಆಗಲೇ ಪ್ರಿಂಟು ಹಿಡಿದು ಕೂತಿದ್ದ.

"ಒಂದ್ ಸಾಲ್ ಇಲ್ಲಲೋ. ಮುಂಜಾನಿಂದ ನಾಲ್ಕರ ತನ ಸೈಟ್ ಮುಟ್ಟಿಲ್ಲ ಅಕಿ. ರಿಪೋರ್ಟ್ ತೆಗದಿದ್ದು ಮಾನ್ವಿಯವ್ರು. ಮೊಬೈಲ್ ನೋಡ್ಕೋತ ಕುಂತಿರ್ಬೇಕು."

"ಸರ್, ಮಷೀನ್‌ದು ಏನರೆ ಇದ್ದಿರಬೇಕು…"

ಕೊಟ್ರೇಶ ಕಣ್ಣೆತ್ತಿ ನೋಡಿದ. "ಮಷೀನ್‌ದು ಇದ್ರ ಅದು ಯಾರ ತಲಿ ಮ್ಯಾಲೆ ಬರ್ತದ? ನಿನ್ ಮ್ಯಾಲೆ. ನೀ ಆವಾಗ ಎಲ್ಲಿದ್ದಿ ಅಂತ ಮಾಲಕ್ರು ಕೇಳ್ತಾರ. ಎಲ್ಲಿದ್ದೆ ಅಂತ ಹೇಳ್ತಿ?"

ಎಲ್ಲಿದ್ದೆ? ನಿಮ್ಮ ಮನೆಯ ಏಣಿಯ ಮೇಲೆ. ಅದನ್ನು ಹೇಳಿದರೆ ಇಬ್ಬರದೂ ಹೋಗುತ್ತದೆ. ಕೊಟ್ರೇಶನಿಗೆ ಪ್ಯಾಕ್ ಫೈಲೂ ಗೊತ್ತಿಲ್ಲ, ಪ್ರಾಕ್ಸಿಯೂ ಗೊತ್ತಿಲ್ಲ. ಆದರೆ ಯಾವ ಪ್ರಶ್ನೆ ಕೇಳಬಾರದು ಎಂಬುದು ಅವನಷ್ಟು ಗೊತ್ತಿರುವವರು ಜಿಲ್ಲೆಯಲ್ಲೇ ಇಲ್ಲ. ಸುಭಾಷ್ ಬಾಯಿ ಮುಚ್ಚಿಕೊಂಡ. ಅವತ್ತು ಇಮಾಮ್ ಬೀ ಇನ್ನೂ ಬದುಕಿದ್ದಳು, ನಾಳೆ ಎಲ್ಲ ತಣ್ಣಗಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಬರೆಯ ಕಬ್ಬಿಣ ಕಾಯಿಸಿದ್ದು ಎತ್ತೇ.

ತಣ್ಣಗಾಗಲಿಲ್ಲ. ಶನಿವಾರ ಜಹೀರುದ್ದೀನ್ ರಾಯಚೂರಿನ ಲ್ಯಾಬಿಗೆ ಬಂದ. ಕೂಗಾಡಿದ್ದರೆ ಕೊಟ್ರೇಶನಿಗೆ ಸುಲಭವಾಗುತ್ತಿತ್ತು. ಅವನು ಕೈ ಕಟ್ಟಿಕೊಂಡು ಕೌಂಟರಿನ ಮುಂದೆ ನಿಂತ. ಗ್ರೀಸು ಹತ್ತಿದ ಉಗುರು, ತೊಳೆದು ಇಸ್ತ್ರಿ ಮಾಡಿದ ಅಂಗಿ.

"ನನಗ ಏನೂ ಬ್ಯಾಡ್ರಿ ಸಾಹೇಬ್ರ. ಅಮ್ಮಿದು ರಿಪೋರ್ಟ್ ಹನ್ನೊಂದಕ್ಕ ಬಂದಿತ್ತಂತ. ನನಗ ನಾಲ್ಕಕ್ಕ ಯಾಕ ಗೊತ್ತಾತು? ಅಷ್ಟು ಬರದು ಕೊಡ್ರಿ."

ಬರೆದು ಕೊಡುತ್ತೇವೆ ಎಂದ ಕೊಟ್ರೇಶ. ಸೋಮವಾರ ಸುಭಾಷನನ್ನು ಕಾರಿನಲ್ಲಿ ಜೊತೆಗೆ ಕೂರಿಸಿಕೊಂಡು ದೇವದುರ್ಗಕ್ಕೆ ಹೊರಟ. ರಸ್ತೆಯ ಎರಡೂ ಕಡೆ ಹತ್ತಿ ಒಡೆದು ನಿಂತಿತ್ತು. ಗಬ್ಬೂರು ದಾಟಿದ ಮೇಲೆ ಕೊಟ್ರೇಶ ಕಾಗದದ ವಿಷಯ ತೆಗೆದ.

"ಅಕಿ ತಪ್ಪಾಗ್ಯದ ಅಂತ ಬರದು ಕೊಟ್ಟು ತಾನ ಕೆಲಸ ಬಿಡ್ಲಿ. ಕೆಳಗ ನೀ ಮಷೀನ್ ಸರಿ ಇತ್ತು ಅಂತ ಸಹಿ ಹಾಕು. ಎಲ್ಲಾರಿಗೂ ಚಂದ."

ಎಲ್ಲರಿಗೂ ಎಂಬ ಮಾತಿನಲ್ಲಿ ಒಬ್ಬಳು ಬಿಟ್ಟುಹೋಗಿದ್ದಳು. ಸುಭಾಷ್ ಕಿಟಕಿಯ ಹೊರಗೆ ನೋಡಿದ. ಅವನಿಗೆ ನಾಚಿಕೆಯಾಗಿತ್ತು, ಆದರೂ ತಲೆಯಾಡಿಸಿದ.

ಸೆಂಟರಿನಲ್ಲಿ ದುರ್ಗಾದೇವಿ ಟೇಬಲ್ ಒರೆಸಿ, ಮೂವರಿಗೂ ಚಹಾ ತರಿಸಿ ಇಟ್ಟಿದ್ದಳು. ಇಪ್ಪತ್ತನಾಲ್ಕರ ಹುಡುಗಿ. ಅವಳ ಅವ್ವ ಗದ್ದೆಮ್ಮ ಕೂಲಿಗೆ ಹೋಗಿ ಓದಿಸಿದ್ದಳು. ಮಗಳು ಬಿಳಿ ಕೋಟು ಹಾಕಿಕೊಂಡು ಫ್ಯಾನಿನ ಕೆಳಗೆ ಕೂರುವುದನ್ನು ನೋಡಲು ಗದ್ದೆಮ್ಮ ಸಂತೆಯ ದಿನ ಬೇಕೆಂದೇ ಈ ರಸ್ತೆಯಲ್ಲಿ ಬರುತ್ತಿದ್ದಳು. ಕೊಟ್ರೇಶ ಫೋನಿನಲ್ಲಿ ಮಾತಾಡಲು ಹೊರಗೆ ಹೋದಾಗ ದುರ್ಗಾದೇವಿ ಮೊಬೈಲು ತೆಗೆದು ಸುಭಾಷನ ಮುಂದೆ ಹಿಡಿದಳು.

"ಅಣ್ಣಾ, ಅವತ್ತು ಸ್ಕ್ರೀನಿಂದು ಫೋಟೋ ಹೊಡದಿದ್ದೆ. ಸರ್‌ಗೆ ತೋರ್ಸಿದ್ರ ಸುಭಾಷ್‌ಗ ತೋರ್ಸು, ಅವಂಗ ತಿಳೀತದ ಅಂದ್ರು. ನೋಡ್ರಿ, ಇದರಾಗ ಏನರ ಅದ ಏನು?"

ಸುಭಾಷ್ ನೋಡಿದ. ಬಿಳಿ ಹಾಳೆ. 'ನಿಮಗೆ ಪ್ರವೇಶವಿಲ್ಲ' ಎಂದು ಇಂಗ್ಲಿಷಿನಲ್ಲಿ. ಕೆಳಗೆ ಸಣ್ಣ ಅಕ್ಷರದಲ್ಲಿ ದಿನ, ಸಮಯ ಹನ್ನೊಂದೂ ಹದಿನೆಂಟು, ಹೈದರಾಬಾದಿನವರ ಸಹಾಯವಾಣಿ. ಮತ್ತು ಬಾಗಿಲು ತಟ್ಟಿದವರ ಇಂಟರ್ನೆಟ್ ನಂಬರು. ಅದು ರಾಯಚೂರಿನ ನಂಬರಲ್ಲ, ದೇವದುರ್ಗದ ಬ್ರಾಡ್‌ಬ್ಯಾಂಡಿನದು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಅವಳು ಸೀಟಿನಲ್ಲಿದ್ದಳು, ತೆರೆಯಲು ನೋಡಿದಳು, ಅವಳ ಬ್ರೌಸರನ್ನು ಫೈಲು ತಪ್ಪು ದಾರಿಗೆ ಕಳಿಸಿತು; ಮೂರೂ ಆ ಒಂದು ನಂಬರಿನಲ್ಲಿ ಇದ್ದವು. ಆ ಕೋಣೆಯಲ್ಲಿ ಅದನ್ನು ಓದಬಲ್ಲವನು ಅವನೊಬ್ಬನೇ. ಹಾಗಂತ ಅವನು ತಿಳಿದುಕೊಂಡ.

"ಇದರಾಗ ಏನಿಲ್ಲವಾ," ಎಂದ. "ಪಾಸ್‌ವರ್ಡ್ ತಪ್ಪು ಹಾಕಿದ್ರೂ ಹಿಂಗ ಬರ್ತದ."

ದುರ್ಗಾದೇವಿ ಮೊಬೈಲನ್ನು ನಿಧಾನವಾಗಿ ಹಿಂದೆ ತೆಗೆದುಕೊಂಡಳು. "ಹೌದೇನಣ್ಣಾ?" ಎಂದಳು.

"ಹೌದು."

ಕೊಟ್ರೇಶ ಒಳಗೆ ಬಂದು ಕಾಗದ ಬಿಚ್ಚಿದ. ರಾಯಚೂರಿನಲ್ಲೇ ಟೈಪ್ ಮಾಡಿಸಿ ತಂದಿದ್ದ. ಕರ್ತವ್ಯದ ವೇಳೆಯಲ್ಲಿ ವರದಿ ತೆರೆಯದೆ ನಿರ್ಲಕ್ಷ್ಯ ಮಾಡಿದ್ದು ನಿಜ, ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ ಎಂದು ಅವಳ ಪರವಾಗಿ ಅದು ಮಾತಾಡಿತು. ಸಹಿ ಮಾಡದಿದ್ದರೆ ಅನುಭವದ ಪತ್ರ ಸಿಗುವುದಿಲ್ಲ, ಮೇಲೆ ಪೊಲೀಸ್ ಕಂಪ್ಲೇಂಟ್ ಆದರೂ ಆದೀತು ಎಂದು ಕೊಟ್ರೇಶ ಮೆತ್ತಗೆ ಹೇಳಿದ. ಅವನು ಹೆದರಿಸುವುದು ಯಾವಾಗಲೂ ಮೆತ್ತಗೆ.

ಅವಳು ಪೂರ್ತಿ ಓದಿದಳು. ಎರಡು ಸಲ ಓದಿದಳು. ಅಳಲಿಲ್ಲ.

"ಸರ್, ಮಷೀನ್ ಸರಿ ಇತ್ತಂತ ಸುಭಾಷಣ್ಣ ಮೊದಲ ಸಹಿ ಮಾಡ್ಲಿ. ಅವ್ರು ಮಾಡಿದ್ರ ನಾ ಮಾಡ್ತೀನಿ."

ಕೊಟ್ರೇಶ ಪೆನ್ನು ಚಾಚಿದ. ಸುಭಾಷ್ ಹಿಡಿದ. ಚಹಾದ ಮೇಲೆ ಕೆನೆ ಕಟ್ಟಿತ್ತು. ಆ ಪೆನ್ನು ಕೈಯಲ್ಲಿದ್ದ ಅಷ್ಟೂ ಹೊತ್ತು ಅವನಿಗೆ ಅವಕಾಶವಿತ್ತು. ಒಂದು ಮಾತು ಸಾಕಿತ್ತು, ತಪ್ಪು ನಂದು ಎಂದು. ಬ್ಯಾಂಕಿನ ಕಂತು ನೆನಪಾಯಿತು, ಹೆಂಡತಿ ಏಳು ತಿಂಗಳ ಬಸುರಿ ಎಂಬುದು ನೆನಪಾಯಿತು. ಇಂಥ ಹೊತ್ತಿನಲ್ಲಿ ನೆನಪಿಗೇನು ಬರ. ಬೇಕಾದ್ದೆಲ್ಲ ಸಾಲುಗಟ್ಟಿ ಬಂದು ನಿಲ್ಲುತ್ತದೆ. 'ಗಣಕಯಂತ್ರ ಹಾಗೂ ಜಾಲದಲ್ಲಿ ಯಾವ ದೋಷವೂ ಇರಲಿಲ್ಲ' ಎಂಬ ಸಾಲಿನ ಕೆಳಗೆ ಸಹಿ ಮಾಡಿ, ತಾರೀಖು ಹಾಕಿದ.

ದುರ್ಗಾದೇವಿ ಅವನ ಸಹಿಯನ್ನು ಒಮ್ಮೆ ನೋಡಿ, ತನ್ನ ಜಾಗದಲ್ಲಿ ಸಹಿ ಮಾಡಿದಳು.

ಕೊಟ್ರೇಶ ಜೆರಾಕ್ಸ್ ಮಾಡಿಸಿ, ರಸ್ತೆ ದಾಟಿ ಪಂಕ್ಚರ್ ಅಂಗಡಿಗೆ ಹೋದ. ಸುಭಾಷನನ್ನೂ ಕರೆದುಕೊಂಡು ಹೋದ. ಜಹೀರುದ್ದೀನ್ ಕೈ ಒರೆಸಿಕೊಂಡು ಕಾಗದ ಹಿಡಿದ. ಕನ್ನಡ ನಿಧಾನವಾಗಿ ಓದುವವನು. ಓದಿ ಮುಗಿಸಿ ಸೆಂಟರಿನ ಕಡೆ ನೋಡಿದ.

"ಆ ಹುಡುಗಿ ಅವತ್ತು ನನ್ನ ಮುಂದನ ಮಾನ್ವಿಗೆ ಫೋನ್ ಹಚ್ಚಿತ್ತು. ನಾ ಅದನ್ನ ದೇವ್ರಂಗ ತಿಳ್ಕೊಂಡಿದ್ದೆ." ಆಮೇಲೆ ಸುಭಾಷನಿಗೆ ಕೇಳಿದ, "ಮಷೀನ್‌ದಾಗ ಏನೂ ಇದ್ದಿಲ್ಲೇನ್ರಿ?"

"ಇದ್ದಿಲ್ರಿ."

ಜಹೀರುದ್ದೀನ್ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಹಾಕಿಕೊಂಡ. ಮತ್ತೆ ಟೈರಿನ ಮುಂದೆ ಕೂತ.

ಕೊಟ್ರೇಶನಿಗೆ ಮಾನ್ವಿಯಲ್ಲಿ ಬೇರೆ ಕೆಲಸವಿತ್ತು, ಕಾರು ತೆಗೆದುಕೊಂಡು ಹೋದ. ಸುಭಾಷ್ ಸೆಂಟರಿನ ಬದಿಗೇ ರಸ್ತೆಯಲ್ಲಿ ರಾಯಚೂರಿನ ಬಸ್ಸಿಗೆ ಕಾದು ನಿಂತ. ದುರ್ಗಾದೇವಿ ಸೆಂಟರಿನ ಬೀಗದ ಕೈ ಕೊಡಲು ಬಂದಳು. ಬಿಳಿ ಕೋಟು ಮಡಿಚಿ ಕವರಿನಲ್ಲಿ ಹಾಕಿದ್ದಳು, ಅದನ್ನೂ ಕೊಟ್ಟಳು.

"ನಾಳೆ ಹೊಸ ಹುಡುಗಿ ಬರ್ತಾಳಂತ," ಎಂದಳು. "ಅಕಿ ಬರೂದ್ರಾಗ ಆ ಫೈಲ್ ಒಂದು ಸರಿ ಮಾಡಿಡ್ರಿ ಅಣ್ಣಾ."

"ಅವತ್ತ ಮಾಡೀನಿ ಅದನ್ನ," ಎಂದ ಸುಭಾಷ್. ಅಂದ ಮೇಲೆ ತಿಳಿಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ಅವನು ಚಿಕ್ಕಂದಿನಿಂದ ಕೇಳಿದ್ದ. ಇವತ್ತು ಹೆಗಲು ತನ್ನದಾಗಿತ್ತು.

ದುರ್ಗಾದೇವಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ಯಾವ ಫೈಲ್ ಅಂತ ನೀವು ಕೇಳಲಿಲ್ಲ," ಎಂದಳು. "ಫೋಟೋದಾಗ ಹೈದರಾಬಾದಿನವರ ನಂಬರ್ ಇತ್ತಲ್ರಿ. ಶುಕ್ರವಾರ ಹಚ್ಚಿದ್ದೆ. ಪಾಪ, ಒಬ್ಬ ಹುಡುಗ ತೆಲುಗಿನಾಗ ಪೂರಾ ತಿಳಿಸಿ ಹೇಳಿದ. ಮಂಗಳವಾರ ನಿಮ್ಮ ಕಂಪ್ಯೂಟರ್ ಮೂವತ್ತೇಳು ಸಲ ಬಂದದ, ಆದ್ರ ರಾಯಚೂರ ಮ್ಯಾಲಿಂದ ಬಂದಿಲ್ಲ, ನೇರ ಬಂದದ. ದಾರಿ ಹೇಳೋ ಫೈಲ್ ಒಂದಿರ್ತದ, ಅದನ್ನ ಬರದವರಿಗೆ ಕೇಳ್ರಿ ಅಂದ."

ಸುಭಾಷ್ ಕೋಟಿನ ಕವರನ್ನು ಕೈ ಬದಲಿಸಿ ಹಿಡಿದ. "ಮತ್ತ ಸರ್ ಮುಂದ ಯಾಕ ಹೇಳಲಿಲ್ಲ?"

"ಹೇಳೀನ್ರಿ. ತೆಲುಗಿನವನ ಮಾತು ಬ್ಯಾಡ, ಸುಭಾಷ್ ಏನಂತಾನ ಅದ ಕಡೀ ಮಾತು ಅಂದ್ರು. ನನಗೂ ಹಂಗ ಅನಸ್ತು. ಈ ಕೆಲಸ ಕೊಡಿಸಿದವ್ರು ನೀವು. ಕೇಳಿದ್ರ ಹೇಳ್ತೀರಿ ಅಂದ್ಕೊಂಡೆ. ಅದಕ್ಕ ಫೋಟೋ ತೋರ್ಸಿದೆ. ಅದಕ್ಕ ಮೊದಲ ಸಹಿ ನೀವ ಮಾಡ್ರಿ ಅಂದೆ."

ಬಸ್ಸು ಬಂತು. ಕಂಡಕ್ಟರ್ "ಗಬ್ಬೂರ, ರಾಯಚೂರ" ಎಂದು ಕೂಗತೊಡಗಿದ. ಸುಭಾಷ್ ನಿಂತೇ ಇದ್ದ.

"ನಮ್ಮವ್ವಗ ನಾ ಹೇಳಂಗಿಲ್ಲ. ಅಕಿ ನಿಮ್ಮವ್ವನ ಜೋಡಿ ಕೂಲಿಗೆ ಹೋಗಾಕಿ, ಆ ಮಾತು ಕೆಡೂದು ಬ್ಯಾಡ." ದುರ್ಗಾದೇವಿ ಪಂಕ್ಚರ್ ಅಂಗಡಿಯ ಕಡೆ ಕೈ ತೋರಿಸಿದಳು. "ಜಹೀರಣ್ಣಗ ಮಾತ್ರ ನೀವ ಹೋಗಿ ಹೇಳ್ರಿ. ನಾ ಹೇಳಿದ್ರ ಇನ್ನ ಯಾಕ ನಂಬ್ತಾನ? ನನ್ನ ಸಹಿ ಅವನ ಕಿಸೇದಾಗ ಅದ. ನಿಮ್ಮದೂ ಅದ."

ಹೇಳಿ, ಉತ್ತರಕ್ಕೆ ಕಾಯದೆ ಹೊರಟಳು. ಅಂಗಡಿಯ ಮುಂದೆ ಹಾಯುವಾಗ ಜಹೀರುದ್ದೀನ್ ತಲೆ ಎತ್ತಿ ನೋಡಿ, ಮತ್ತೆ ತಗ್ಗಿಸಿದ. ಮೊನ್ನೆಯವರೆಗೆ ನಮಸ್ಕಾರ ಮಾಡುತ್ತಿದ್ದವನು.

ಸುಭಾಷ್ ರಸ್ತೆಯ ಈ ಬದಿಯಲ್ಲಿ ಕವರು ಹಿಡಿದು ನಿಂತ. ಆ ಬದಿಗೆ ಹತ್ತು ಹೆಜ್ಜೆ. ಜಹೀರುದ್ದೀನ್ ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿಂದ ಏಳುತ್ತದೆ ಎಂದು ಬಗ್ಗಿ ನೋಡುತ್ತಿದ್ದ. ಕಂಡಕ್ಟರ್ ಸುಭಾಷನ ಬೆನ್ನ ಹಿಂದೆ ಬಂದು, "ಹತ್ತತೀರೇನ್ರಿ, ಇಲ್ಲೇನ್ರಿ?" ಎಂದ.

ಸುಭಾಷ್ ಹತ್ತಿದ. ಅಂಗಡಿಯ ಬದಿಯ ಕಿಟಕಿಯ ಸೀಟು ಖಾಲಿಯಿತ್ತು; ಅವನು ಇನ್ನೊಂದು ಬದಿಯ ಸೀಟಿನಲ್ಲಿ ಕೂತ, ಅಂಗಡಿ ಕಾಣದ ಕಡೆ.

ಮರುದಿನ ಬೆಳಗ್ಗೆ ಒಂಬತ್ತೂ ಹನ್ನೆರಡಕ್ಕೆ ರಾಯಚೂರಿನ ಲಾಗಿನಲ್ಲಿ ದೇವದುರ್ಗದ ಆ ದಿನದ ಮೊದಲ ಸಾಲು ಬಂತು. ಹೊಸ ಹುಡುಗಿ ಹೊತ್ತಿಗೆ ಸರಿಯಾಗಿ ಬಂದಿದ್ದಳು. ಸಾಲಿನ ಹಿಂದೆ ಸಾಲು, ಎಲ್ಲವೂ ಪ್ರಾಕ್ಸಿಯ ಮೇಲೆ, ಒಂದೂ ತಪ್ಪಿರಲಿಲ್ಲ. ಕೊಟ್ರೇಶ ಬಂದು ಭುಜದ ಮೇಲಿಂದ ಇಣುಕಿ ನೋಡಿ, "ನೋಡಿದೇನು, ಮನುಷ್ಯಾ ಸರಿ ಇದ್ರ ಮಷೀನ್ ಸರಿ ಇರ್ತದ," ಎಂದು ಅವನ ಬೆನ್ನು ತಟ್ಟಿದ.

"ಹೌದ್ರೀ ಸರ್," ಎಂದ ಸುಭಾಷ್.